ಕೋಳಿಗೂಡಿನ ಉಣುಗು, ಕಾಡಿನ ಉಣುಗು ಎರಡೂ ಒಂದೇನಾ?

ಪ್ರಶ್ನೆ, ತೀರ್ಥಹಳ್ಳಿ ಕಡೆಯಿಂದ:
ಡಾಕ್ಟ್ರೇ, ನಮ್ಮ ಮರದ ಕೋಳಿಗೂಡಿನ ಸಂದಿಯಲ್ಲಿ ಚಪ್ಪಟೆ ಹುಳ ತುಂಬಿಕೊಂಡಿವೆ. ಎರಡು ಹೇಂಟೆ ಸತ್ತವು. ಜುಟ್ಟು ಬಿಳಚಿತ್ತು, ಹಿಕ್ಕೆ ಹಸಿರಾಗಿತ್ತು. ನಿನ್ನೆ ಅಪ್ಪಯ್ಯ ಬೆಟ್ಟದಿಂದ ದರಗು ತಂದ ಮೇಲೆ ಅವರ ಸೊಂಟದಲ್ಲೂ ಒಂದು ಸಣ್ಣ ಉಣುಗು ಕಚ್ಚಿಕೊಂಡಿತ್ತು. ಗೂಡಿನದ್ದೇ ಬಂತಾ? ಮಂಗನ ಕಾಯಿಲೆ ಬರುತ್ತಾ? ಎರಡನ್ನೂ ಬಾಟಲಿಯಲ್ಲಿ ಹಾಕಿಟ್ಟಿದ್ದೇನೆ.

ಪಶುವೈದ್ಯರು:
ಬಾಟಲಿಯಲ್ಲಿ ಇಟ್ಟಿದ್ದು ಒಳ್ಳೆಯದಾಯಿತು. ಗೂಡಿನ ಹುಳವನ್ನು ಬಿಳಿ ಕಾಗದದ ಮೇಲೆ ಬೆನ್ನು ಮೇಲಾಗಿ ಇಟ್ಟು ನೋಡಿ. ಮೊದಲು ಕಾಲು ಎಣಿಸಿ. ಆರು ಕಾಲು, ಮುಂದೆ ಎರಡು ಮೀಸೆ ಇದ್ದರೆ ಅದು ತಿಗಣೆ. ಎಂಟು ಕಾಲಿದ್ದು ಮೀಸೆ ಇಲ್ಲದಿದ್ದರೆ ಉಣುಗು. ಆಮೇಲೆ ಬಾಯಿ ಎಲ್ಲಿದೆ ನೋಡಿ. ಮೇಲಿನಿಂದ ಬಾಯಿ ಕಾಣದೆ, ಮೈ ಒಣದ್ರಾಕ್ಷಿ ಸಿಪ್ಪೆಯ ಹಾಗೆ ಸುಕ್ಕಾಗಿದ್ದರೆ ಅದು ಮೆದು ಉಣುಗು. ಅದರ ಬಾಯಿ ಹೊಟ್ಟೆಯ ಕಡೆ ಅಡಗಿರುತ್ತದೆ. ಕೋಳಿಗೂಡಿನಲ್ಲಿ ಸಿಗುವುದು ಸಾಮಾನ್ಯವಾಗಿ ಅರ್ಗಾಸ್ ಜಾತಿಯದು.

ಅಪ್ಪಯ್ಯನ ಸೊಂಟದಲ್ಲಿ ಸಿಕ್ಕಿದ್ದರಲ್ಲಿ ಬಾಯಿ ತಲೆಯ ಹಾಗೆ ಮುಂದಕ್ಕೆ ಚಾಚಿ, ಬೆನ್ನ ಮೇಲೆ ಗಟ್ಟಿ ಹಲಗೆ ಕೂತಿರಬೇಕು. ಹಾಗಿದ್ದರೆ ಅದು ಗಟ್ಟಿ ಉಣುಗು. ರಾಗಿ ಕಾಳಿನಷ್ಟೇ ಇದ್ದರೆ ಇನ್ನೂ ಮರಿ. ಈ ಕಾಲದಲ್ಲಿ ದರಗಿನ ಜೊತೆ ಬರುವುದು ಹೆಚ್ಚಾಗಿ ಆ ಮರಿಗಳೇ.

ಸಾಗರದ ಅಡಿಕೆ ಬೆಳೆಗಾರರು:
ಹೆದರಬೇಡಿ. 24 ಗಂಟೆಯೊಳಗೆ ಕಿತ್ತು ಹಾಕಿದರೆ ಏನೂ ಆಗಲ್ಲ ಅಂತ ಎಲ್ಲೋ ಓದಿದ್ದೆ. ಸ್ವಲ್ಪ ಸುಣ್ಣ ಹಚ್ಚಿದರೆ ತಾನಾಗೇ ಬಿದ್ದುಹೋಗುತ್ತೆ.

ಪಶುವೈದ್ಯರು:
ಬೇಗ ಕೀಳಬೇಕು ಅನ್ನುವುದು ಸರಿ. ಆದರೆ 24 ಗಂಟೆಯ ಲೆಕ್ಕ ಹೊರದೇಶದ ಲೈಮ್ ಕಾಯಿಲೆಯದು. ಅದರ ಬ್ಯಾಕ್ಟೀರಿಯಾ ಉಣುಗಿನ ಹೊಟ್ಟೆಯಲ್ಲಿ ಇರುತ್ತದೆ. ರಕ್ತ ಇಳಿಯಲು ಶುರುವಾದ ಮೇಲೆ ಜೊಲ್ಲಿನವರೆಗೆ ಬರಲು ಅದಕ್ಕೆ ಹೊತ್ತು ಬೇಕು. ಮಂಗನ ಕಾಯಿಲೆಯದು ವೈರಸ್. ಅದು ಜೊಲ್ಲಿನ ಗ್ರಂಥಿಯಲ್ಲೇ ಇರಬಹುದು. ಆದ್ದರಿಂದ ಆ ಗಡುವನ್ನು ಇಲ್ಲಿ ನಂಬಿ ಕೂರಬೇಡಿ.

ಸುಣ್ಣ, ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಗಟ್ಟಿ ಉಣುಗು ಚರ್ಮಕ್ಕೆ ಬಾಯಿ ಇಳಿಸಿ, ಸುತ್ತ ಸಿಮೆಂಟಿನಂಥ ಅಂಟು ಕಟ್ಟಿಕೊಂಡು ದಿನಗಟ್ಟಲೆ ಕೂರುತ್ತದೆ. ಅದನ್ನು ಕೆಣಕಿದರೆ ಜೊಲ್ಲು ಇನ್ನೂ ಒಳಗೆ ಹೋದೀತು. ಚೂಪು ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಕೆಳಗೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಬರಿಗೈಲಿ ಹಿಸುಕಬೇಡಿ.

ಹೊಸನಗರದಿಂದ ಒಬ್ಬರು:
ನಮ್ಮ ನಾಯಿಯ ಉಣುಗು ಕೂಡ ಗೋಡೆ ಸಂದಿಯಲ್ಲಿ ಇರುತ್ತೆ. ಹಾಗಾದರೆ ಅದೂ ಮೆದು ಉಣುಗು ಅಲ್ವಾ? ನಾಯಿಗೆ ಜ್ವರ ಬಂದು ಮೂಗಲ್ಲಿ ರಕ್ತ ಬಂದಿತ್ತು.

ಪಶುವೈದ್ಯರು:
ಇಲ್ಲ. ಈ ಗೊಂದಲ ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನಕ್ಕೆ ಇದೆ. ನಾಯಿಯ ಕಂದು ಉಣುಗು ಗಟ್ಟಿಯದೇ. ಹೊಟ್ಟೆ ತುಂಬಿದ ಮೇಲೆ ಪೊರೆ ಬಿಡಲು, ಮೊಟ್ಟೆ ಇಡಲು ಗೋಡೆ ಹತ್ತುತ್ತದೆ ಅಷ್ಟೇ. ನಾಯಿಗೆ ಎರ್ಲಿಚಿಯಾ, ಬೆಬೀಸಿಯಾ ಅನ್ನುವ ರಕ್ತದ ರೋಗಾಣು ಹರಡುವುದು ಅದೇ. ಮೂಗಲ್ಲಿ ರಕ್ತ ಬಂದಿದ್ದು ಎರ್ಲಿಚಿಯಾದಿಂದ ಇದ್ದರೂ ಇರಬಹುದು. ನಾಯಿಯ ರಕ್ತ ಪರೀಕ್ಷೆ ಮಾಡಿಸಿ.

ಎಲ್ಲಿ ಸಿಕ್ಕಿತು ಅನ್ನುವುದಕ್ಕಿಂತ ಹೇಗೆ ಉಣ್ಣುತ್ತದೆ ಅನ್ನುವುದು ಮುಖ್ಯ. ಗಟ್ಟಿ ಉಣುಗು ಒಂದೊಂದು ಹಂತದಲ್ಲಿ ಒಂದೇ ಸಲ ಊಟ ಮಾಡುತ್ತದೆ. ಹೆಣ್ಣು ಕೊನೆಯ ಊಟ ಮುಗಿಸಿ ಸಾವಿರಾರು ಮೊಟ್ಟೆ ಒಟ್ಟಿಗೆ ಇಟ್ಟು ಸಾಯುತ್ತದೆ. ಮೆದು ಉಣುಗು ಹಾಗಲ್ಲ. ಅದು ಕಳ್ಳನ ಹಾಗೆ. ರಾತ್ರಿ ಕೋಳಿ ಮಲಗಿದಾಗ ಬಂದು, ಅರ್ಧ ಮುಕ್ಕಾಲು ಗಂಟೆಯಲ್ಲಿ ಕುಡಿದು ಸಂದಿಗೆ ಹೋಗುತ್ತದೆ. ಪ್ರತಿ ಊಟದ ನಂತರ ಸ್ವಲ್ಪ ಸ್ವಲ್ಪ ಮೊಟ್ಟೆ. ಊಟ ಸಿಗದಿದ್ದರೂ ವರ್ಷಗಟ್ಟಲೆ ಬದುಕುತ್ತದೆ. ಹಾಗಾಗಿ ಗೂಡು ಒಂದು ತಿಂಗಳು ಖಾಲಿ ಬಿಟ್ಟರೆ ಸಾಯುತ್ತವೆ ಅನ್ನುವುದು ಸುಳ್ಳು.

ಪ್ರಶ್ನೆ ಕೇಳಿದವರು:
ಅದಕ್ಕೇ ಇರಬೇಕು, ಹಗಲಿಗೆ ಕೋಳಿ ಮೈಯಲ್ಲಿ ಒಂದೂ ಕಾಣಲಿಲ್ಲ! ಹಸಿರು ಹಿಕ್ಕೆ ಯಾಕೆ ಸರ್?

ಪಶುವೈದ್ಯರು:
ಎರಡು ಸಾಧ್ಯತೆ ಇದೆ. ಅರ್ಗಾಸ್ ಉಣುಗು ಕೋಳಿಗೆ ಸ್ಪೈರೋಕೀಟ್ ಜ್ವರ ತರುತ್ತದೆ. ಬೊರೆಲಿಯಾ ಅನ್ನುವ ಸುರುಳಿ ಬ್ಯಾಕ್ಟೀರಿಯಾ ಅದಕ್ಕೆ ಕಾರಣ. ಕೋಳಿಗೆ ಜ್ವರ, ಮಂಕು, ಹಸಿರು ಹಿಕ್ಕೆ, ಜುಟ್ಟು ಬಿಳಚುವುದು, ಕೆಲವು ದಿನದಲ್ಲಿ ಸಾವು. ಆದರೆ ಕೊಕ್ಕರೆ ರೋಗದಲ್ಲೂ ಹಸಿರು ಹಿಕ್ಕೆ ಬರುತ್ತದೆ. ನೋಡಿಯೇ ಹೇಳುವುದು ಕಷ್ಟ. ಸ್ಪೈರೋಕೀಟ್ ಇದ್ದರೆ ಪೆನಿಸಿಲಿನ್‌ಗೆ ಬಗ್ಗುತ್ತದೆ. ಕೊಕ್ಕರೆ ರೋಗಕ್ಕೆ ಮದ್ದಿಲ್ಲ, ಲಸಿಕೆ ಮಾತ್ರ. ಇನ್ನೊಂದು ಕೋಳಿ ಮಂಕಾದರೆ ಜ್ವರ ಇರುವಾಗಲೇ ಆಸ್ಪತ್ರೆಗೆ ತನ್ನಿ. ಆಗಲೇ ರಕ್ತದಲ್ಲಿ ಆ ಸುರುಳಿ ಬ್ಯಾಕ್ಟೀರಿಯಾ ಕಾಣುತ್ತದೆ. ಕೋಳಿ ಚೇತರಿಸಿಕೊಳ್ಳುವ ಹೊತ್ತಿಗೆ ರಕ್ತದಲ್ಲಿ ಏನೂ ಸಿಗುವುದಿಲ್ಲ.

ಕೋಳಿಗೆ ಪುಡಿ ಉದುರಿಸಿ ಸುಮ್ನೆ ಕೂರಬೇಡಿ, ಹುಳ ಗೂಡಿನಲ್ಲಿದೆ. ಹಳೇ ಹಲಗೆಯನ್ನು ಸುಡಿ. ಉಳಿದ ಸಂದಿಗೆ ಜ್ವಾಲೆ ಹಾಯಿಸಿ, ಗಾರೆ ಮೆತ್ತಿ. ಕೋಳಿಗಳನ್ನು ಹೊರಗಿಟ್ಟು ಉಣುಗಿನ ಔಷಧಿ ಹೊಡೆಯಿರಿ. ಅಳತೆ ನಿಮ್ಮ ಪಶು ಆಸ್ಪತ್ರೆಯಲ್ಲೇ ಕೇಳಿ. ಎರಡು ಮೂರು ವಾರಕ್ಕೆ ಮತ್ತೆ ಹೊಡೆಯಿರಿ, ಅಷ್ಟರಲ್ಲಿ ಮೊಟ್ಟೆ ಒಡೆದಿರುತ್ತದೆ. ರೆಕ್ಕೆ ಅಡಿಯನ್ನೂ ನೋಡಿ. ಮೆದು ಉಣುಗಿನ ಆರು ಕಾಲಿನ ಎಳೇ ಮರಿ ಮಾತ್ರ ವಾರದ ಮೇಲೂ ಕೋಳಿಗೆ ಅಂಟಿರುತ್ತದೆ.

ಸಾಗರದ ಅಡಿಕೆ ಬೆಳೆಗಾರರು:
ಕಾಡಿನ ಉಣುಗಿಗೆ ದನಕ್ಕೆ ಔಷಧಿ ಹೊಡೆದರೆ ಸಾಕಲ್ವಾ?

ಪಶುವೈದ್ಯರು:
ಸ್ವಲ್ಪ ಪ್ರಯೋಜನ ಇದೆ, ಪೂರ್ತಿ ಇಲ್ಲ. ಮಂಗನ ಕಾಯಿಲೆಯ ಹೆಮಾಫೈಸಾಲಿಸ್ ಉಣುಗು ಮೂರು ಪ್ರಾಣಿಯ ಮೇಲೆ ಮೂರು ಊಟ ಮಾಡುತ್ತದೆ. ಎಳೇ ಮರಿಯಾಗಿದ್ದಾಗ ಇಲಿ, ಅಳಿಲು, ಹಕ್ಕಿ, ಮಂಗ. ಮುಂದಿನ ಹಂತದಲ್ಲಿ ಮಂಗ, ಮನುಷ್ಯ. ದೊಡ್ಡದಾದ ಮೇಲೆ ದನ. ದನಕ್ಕೆ ಕಾಯಿಲೆ ಬರುವುದಿಲ್ಲ, ಆದರೆ ಉಣುಗು ಬೆಳೆಯುತ್ತದೆ. ಅಪ್ಪಯ್ಯನಿಗೆ ಕಚ್ಚಿದ ಮರಿಗೆ ವೈರಸ್ ಇದ್ದರೆ ಅದು ಹಿಂದಿನ ಊಟದಿಂದ ಬಂದಿರುತ್ತದೆ. ಸತ್ತ ಮಂಗದ ಮೈಯಿಂದ ಉದುರಿದ ಉಣುಗು ಅಲ್ಲೇ ನೆಲದಲ್ಲಿ ಕಾಯುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಯಿಲೆ ಪತ್ತೆಯಾದಾಗಲೂ ಮಂಗ ಸಾಯುತ್ತಿದ್ದವು.

ನಿಮ್ಮ ಗೂಡಿನ ಅರ್ಗಾಸ್‌ಗೂ ಈ ಸರಪಳಿಗೂ ಸಂಬಂಧ ಇಲ್ಲ. ಅಪ್ಪಯ್ಯನ ಮೇಲೆ ಮಾತ್ರ ಗಮನ ಇರಲಿ. ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಇದ್ದಕ್ಕಿದ್ದ ಹಾಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಉಣುಗು ಕಚ್ಚಿದೆ ಅಂತ ಮೊದಲೇ ಹೇಳಿ. ದರಗಿಗೆ ಹೋಗುವಾಗ ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಲಿ. ತಂದ ದರಗನ್ನು ಕೊಟ್ಟಿಗೆಗೆ ಹಾಕುವ ಮುಂಚೆ ಸೊಂಟ, ಕಂಕುಳು, ಕಿವಿ ಹಿಂದೆ ಒಮ್ಮೆ ಹುಡುಕಿ.

ಪ್ರಶ್ನೆ ಕೇಳಿದವರು:
ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ನೋಡಿದೆ. ಮಲಗಿದ ಕೋಳಿಯ ಕಾಲಿನ ಹತ್ತಿರ ಐದು ಇದ್ದವು, ಎಂಟೆಂಟು ಕಾಲು, ಮೇಲಿಂದ ಬಾಯಿ ಕಾಣಲಿಲ್ಲ. ಹಲಗೆ ನಾಳೆ ಸುಡುತ್ತೇವೆ. ಅಪ್ಪಯ್ಯನಿಗೆ ಇವತ್ತು ಎರಡನೇ ದಿನ, ಜ್ವರ ಇಲ್ಲ.