ಸಿಟ್ಟಾದ ಪ್ರಯಾಣಿಕರ ಪಾತ್ರ ಮಾಡಿ ಬೈದರು, ನನಗೆ ಮಾತೇ ಹೊರಡಲಿಲ್ಲ

ಕೇಳಿದವರು: ಏರ್‌ಲೈನ್ ಗ್ರೌಂಡ್ ಸ್ಟಾಫ್ ಕೆಲಸದ ಇಂಟರ್‌ವ್ಯೂಗೆ ಹೋಗಿದ್ದೆ. ಪ್ಯಾನೆಲ್‌ನವರೊಬ್ಬರು ಪ್ರಯಾಣಿಕರಾಗಿ ನಟಿಸಿದರು. "ಕೌಂಟರ್ ಮುಚ್ಚಿ ನಾಲ್ಕೇ ನಿಮಿಷ ಆಗಿದೆ, ಅಪ್ಪ ಆಸ್ಪತ್ರೆಯಲ್ಲಿದ್ದಾರೆ, ಬಿಡಿ ನನ್ನ" ಅಂತ ಕೂಗಾಡಿದರು. ನಾನು "ಸಾರಿ ಸರ್, ರೂಲ್ಸ್" ಅಂತ ಮೂರು ಸಲ ಹೇಳಿ ನಿಂತುಬಿಟ್ಟೆ. ಆಯ್ಕೆ ಆಗಲಿಲ್ಲ. ಮುಂದಿನ ತಿಂಗಳು ಇನ್ನೊಂದು ಇದೆ. ಅನುಭವ ಇದ್ದವರು ಹೇಳಿ.

ಒಬ್ಬರು: ನಗು ಮಾತ್ರ ಬಿಡಬೇಡಿ. ಅವರು ಎಷ್ಟೇ ಕೂಗಲಿ, ನೀವು ನಗ್ತಾ ಇರಿ. ನಾನು ಹಾಗೇ ಪಾಸಾದೆ. ದನಿಯನ್ನೂ ಏರಿಸಬೇಡಿ.

ಕೌಂಟರ್‌ನಲ್ಲಿ ಒಂಬತ್ತು ವರ್ಷ ಇದ್ದವಳು: ದನಿಯ ಮಾತು ಸರಿ, ನಗುವಿನದ್ದು ಅಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾರೆ ಅನ್ನುವವರ ಮುಂದೆ ನಕ್ಕರೆ ಅವರ ಸಿಟ್ಟು ಎರಡರಷ್ಟಾಗುತ್ತದೆ. ಬಾಗಿಲಲ್ಲಿ ಸ್ವಾಗತಿಸುವಾಗಿನ ಮುಖ ಬೇರೆ, ಇಲ್ಲಿಯ ಮುಖ ಬೇರೆ.

ಈಗ ಹೊಸಬರನ್ನು ಆರಿಸುವಾಗ ನಾನೂ ಕೂರುತ್ತೇನೆ. ತಂಗಿ, ನೀನು "ಆಗಲ್ಲ" ಅಂದದ್ದು ತಪ್ಪಲ್ಲ. ಅಷ್ಟಕ್ಕೇ ನಿಂತದ್ದು ತಪ್ಪು.

ಮೊದಲು ಅವರು ಹೇಳಿ ಮುಗಿಸಲಿ. ಸಾರಿ ಹೇಳೋದಕ್ಕೂ ನಡುವೆ ಬಾಯಿ ಹಾಕಬೇಡ. ಆಮೇಲೆ ಅವರು ಹೇಳಿದ್ದರಲ್ಲಿ ಮುಖ್ಯವಾದ ಒಂದನ್ನು ಹಿಡಿ: "ಇವತ್ತೇ ಅಪ್ಪನ ಹತ್ತಿರ ಹೋಗಬೇಕು, ಅಲ್ವಾ ಸರ್?" ಆಗ ಬೇಕಾದದ್ದು ಈ ವಿಮಾನ ಅಲ್ಲ, ಆ ಊರು ಅನ್ನೋದು ನಿನಗೂ ಹೊಳೆಯುತ್ತದೆ. ಮುಂದಿನ ಪ್ರಶ್ನೆ ತಾನಾಗೇ ಬರುತ್ತದೆ. "ಚೆಕ್ ಇನ್ ಮಾಡೋ ಲಗೇಜ್ ಇದೆಯಾ, ಇಲ್ಲ ಬರೀ ಕೈಬ್ಯಾಗಾ?" ಇದನ್ನು ಕೇಳುವ ಅಭ್ಯರ್ಥಿ ಕಂಡರೆ ನಾವು ಪೆನ್ನು ಎತ್ತುತ್ತೇವೆ. ಯಾಕೆಂದರೆ ಡ್ಯೂಟಿ ಮ್ಯಾನೇಜರ್‌ಗೆ ಫೋನ್ ಮಾಡಿದರೆ ಅವರು ಕೇಳುವುದೂ ಅದನ್ನೇ.

ಆಮೇಲೆ ಸುತ್ತಿಬಳಸದೆ ಹೇಳು: "ಕೌಂಟರ್ ಮುಚ್ಚಿದೆ, ನಾನಾಗಿ ತೆರೆಯೋಕೆ ಆಗಲ್ಲ. ಮ್ಯಾನೇಜರ್‌ಗೆ ಈಗಲೇ ಕೇಳುತ್ತೇನೆ. ಅಷ್ಟರಲ್ಲಿ ಮುಂದಿನ ವಿಮಾನದಲ್ಲಿ ಸೀಟ್ ಇದೆಯಾ ನೋಡುತ್ತೇನೆ. ಎರಡು ನಿಮಿಷ ಕೊಡಿ." ಆ ಎರಡು ನಿಮಿಷದಲ್ಲಿ ಉತ್ತರ ಸಿಗದಿದ್ದರೂ ತಿರುಗಿ ಬಂದು "ಇನ್ನೂ ಸಿಕ್ಕಿಲ್ಲ" ಅನ್ನಬೇಕು. ಜನ ಸಿಟ್ಟಾಗುವುದು ಜಾಸ್ತಿ ಈ ಮೌನಕ್ಕೇ.

ಇಲ್ಲೊಂದು ಬಲೆ ಇದೆ. ನಟಿಸುವವರು ತಟ್ಟನೆ ಮೆತ್ತಗಾಗಿ, "ಹಾಗಾದರೆ ಹತ್ತಿಸ್ತೀರಾ, ಅಲ್ವಾ?" ಅನ್ನುತ್ತಾರೆ. ಪಾಪ ಅನಿಸಿ "ಖಂಡಿತ ಸರ್" ಅಂದೆಯೋ, ಮುಗಿಯಿತು. ಕೌಂಟರ್ ಮುಚ್ಚಿದ ಮೇಲೆ ಎಷ್ಟು ಜನ, ಎಷ್ಟು ಲಗೇಜ್ ಅನ್ನೋ ಲೆಕ್ಕ ಲೋಡ್ ಶೀಟ್‌ಗೆ ಹೋಗುತ್ತದೆ. ವಿಮಾನದ ತೂಕ ಹೇಗೆ ಹಂಚಿದೆ ಅನ್ನೋದು ಅದರ ಮೇಲೇ ನಿಂತಿದೆ. ಇದನ್ನು ಪ್ರಯಾಣಿಕರಿಗೆ ಪಾಠ ಮಾಡಬೇಡ. ನಿನಗೆ ಗೊತ್ತಿದ್ದರೆ "ಆಗಲ್ಲ" ಅನ್ನುವಾಗ ದನಿ ನಡುಗುವುದಿಲ್ಲ, ಅಷ್ಟೇ.

ಇನ್ನೊಬ್ಬರು: ನನ್ನದು ಬೇರೆ ಕಥೆ. ಕೈ ಚಾಚಿ ಮುಟ್ಟೋ ಟೆಸ್ಟ್‌ನಲ್ಲೇ ಮನೆಗೆ ಕಳಿಸಿದರು. ತುದಿಗಾಲಲ್ಲಿ ನಿಂತರೂ ಎರಡು ಸೆಂಟಿಮೀಟರ್ ಕಡಿಮೆ. ಮೊದಲು ಅದನ್ನು ಅಳೆದುಕೊಳ್ಳಿ!

ಕೇಳಿದವರು: ಅದು ಕ್ಯಾಬಿನ್ ಕ್ರೂಗೆ ಅಲ್ವಾ? ನಂದು ಗ್ರೌಂಡ್.

ಇನ್ನೊಬ್ಬರು: ಓ, ಸರಿಯಾಗಿ ಓದಲಿಲ್ಲ. ಸಾರಿ.

ಕ್ಯಾಬಿನ್ ಕ್ರೂ: ನಮ್ಮಲ್ಲೂ ಪರೀಕ್ಷೆ ಇಂಥದ್ದೇ. ಎಮರ್ಜೆನ್ಸಿ ಬಾಗಿಲ ಪಕ್ಕದ ಸಾಲಿನಲ್ಲಿ ಕೂತವರು ಬ್ಯಾಗ್ ಕೊಡಲ್ಲ ಅನ್ನುತ್ತಾರೆ, ಒಳಗೆ ಪಾಸ್‌ಪೋರ್ಟ್ ಇದೆಯಂತೆ. ಟೇಕಾಫ್‌ಗೆ ಆ ಬ್ಯಾಗ್ ಕಾಲ ಬಳಿ ಇರುವ ಹಾಗಿಲ್ಲ, ಅದರಲ್ಲಿ ಚೌಕಾಸಿ ಇಲ್ಲ. ನಾನು "ಪಾಸ್‌ಪೋರ್ಟ್ ತೆಗೆದು ಕೈಲಿಟ್ಟುಕೊಳ್ಳಿ, ಬ್ಯಾಗನ್ನು ನಿಮ್ಮ ತಲೆ ಮೇಲೇ ಇಡುತ್ತೇನೆ, ಸೀಟ್ ಬೆಲ್ಟ್ ದೀಪ ಆರಿದಾಗ ನಾನೇ ತೆಗೆದುಕೊಡುತ್ತೇನೆ" ಅಂದೆ. ಅವರು ಮೂರು ಸಲ ಒಪ್ಪಲಿಲ್ಲ. ಮೂರನೇ ಸಲವೂ ದನಿ ಮೊದಲಿನ ಹಾಗೇ ಇದೆಯಾ ಅಂತ ನೋಡುತ್ತಿದ್ದರು ಅನಿಸುತ್ತದೆ.

ಕೇಳಿದವರು: ತುಂಬಾ ಕೆಟ್ಟದಾಗಿ ಬೈದರೆ? ಎಲ್ಲಾ ಸಹಿಸಿಕೊಳ್ಳಬೇಕಾ?

ಕೌಂಟರ್‌ನಲ್ಲಿ ಒಂಬತ್ತು ವರ್ಷ ಇದ್ದವಳು: ಇಲ್ಲ. ಬೈಗುಳ ಏರ್‌ಲೈನ್ ಮೇಲಿದ್ದರೆ ಕಿವಿಗೆ ಹಾಕಿಕೊಳ್ಳಬೇಡ. ನಿನ್ನ ಮೇಲೇ ಬಂದರೆ ಒಂದು ಸಲ ಹೇಳು: "ಸಹಾಯ ಮಾಡಬೇಕು ಅಂತಲೇ ನಿಂತಿದ್ದೇನೆ, ಈ ಮಾತು ಬೇಡ." ಕೈ ಎತ್ತಿದರೆ, ಕೌಂಟರ್ ದಾಟಿ ಬಂದರೆ ಸೂಪರ್‌ವೈಸರ್, ಸೆಕ್ಯುರಿಟಿ. ಪಾತ್ರದಲ್ಲಿದ್ದಾಗಲೂ ಕರೆಯುತ್ತೇನೆ ಅಂತ ಹೇಳು.

ಕೇಳಿದವರು: "ಒತ್ತಡದಲ್ಲಿ ತಪ್ಪು ಮಾಡಿದ್ದು ಹೇಳಿ" ಅಂದರೆ ಈ ಮೂರು ಸಲದ "ರೂಲ್ಸ್" ಕಥೆ ಹೇಳಲಾ?

ಕ್ಯಾಬಿನ್ ಕ್ರೂ: ಬೇಡ. ಬೇರೆ ಕಡೆ ಫೇಲ್ ಆದದ್ದನ್ನು ನಾವೇ ಯಾಕೆ ಹೇಳಬೇಕು?

ಕೌಂಟರ್‌ನಲ್ಲಿ ಒಂಬತ್ತು ವರ್ಷ ಇದ್ದವಳು: ನಾನಾದರೆ ಹೇಳುತ್ತೇನೆ. ಆದರೆ ಈಗ ಅದೇ ಪ್ರಯಾಣಿಕರು ಬಂದರೆ ಲಗೇಜ್ ಕೇಳುತ್ತೇನೆ ಅನ್ನೋ ತನಕ ಹೇಳಬೇಕು, ಅರ್ಧಕ್ಕೆ ಬಿಡಬಾರದು.

ಕ್ಯಾಬಿನ್ ಕ್ರೂ: ನಿಮ್ಮಂಥವರು ಪ್ಯಾನೆಲ್‌ನಲ್ಲಿದ್ದರೆ ಸರಿ ಅಕ್ಕಾ. ನಾನಂತೂ ಹೇಳಲ್ಲ.