‘ಪರಸ್ಪರ ವರ್ಜಿತ’, ‘ಸ್ವತಂತ್ರ’: ‘ಸಂಬಂಧವಿಲ್ಲ’ ಎಂಬ ಮಾತು ಯಾವುದಕ್ಕೆ ಸಲ್ಲುತ್ತದೆ?

ಕಾರವಾರದಿಂದ:

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗಾಗಿ ಸಂಭವನೀಯತೆಯ ಟಿಪ್ಪಣಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಪದಗಳ ಬಳಿ ಲೇಖನಿ ನಿಂತಿದೆ: ಒಂದೇ ಪ್ರಯೋಗದಲ್ಲಿ ಎರಡೂ ನಿಜವಾಗಲಾರದ ಘಟನೆಗಳಿಗೆ ಹೇಳುವ ‘ಪರಸ್ಪರ ವರ್ಜಿತ’, ಒಂದು ಆದ ಸುದ್ದಿಯಿಂದ ಇನ್ನೊಂದರ ಸಂಭವನೀಯತೆ ಬದಲಾಗದ ಘಟನೆಗಳಿಗೆ ಹೇಳುವ ‘ಸ್ವತಂತ್ರ’.

ನಾನು ಕೊಟ್ಟ ಲೆಕ್ಕ ಹೀಗಿತ್ತು. ಬುಟ್ಟಿಯಲ್ಲಿ 20 ಮೀನುಗಳಿವೆ: 10 ಬಂಗಡೆ, 6 ತಾರ್ಲೆ, ಉಳಿದ 4 ಬೇರೆ ಜಾತಿಯವು. ನೋಡದೆ ಒಂದನ್ನು ಎತ್ತಿದರೆ ಅದು ಬಂಗಡೆ ಅಥವಾ ತಾರ್ಲೆ ಆಗಿರುವ ಸಂಭವನೀಯತೆ ಎಷ್ಟು? ಚುರುಕಾದ ಹುಡುಗಿಯೊಬ್ಬಳು ಬರೆದಳು: ‘ಬಂಗಡೆಗೂ ತಾರ್ಲೆಗೂ ಸಂಬಂಧವಿಲ್ಲ, ಆದ್ದರಿಂದ ಅವು ಸ್ವತಂತ್ರ. 0.5 ಕೂಡಿಸು 0.3, ಕಳೆ ಅವೆರಡರ ಗುಣಲಬ್ಧ 0.15, ಉತ್ತರ 0.65.’

ಬುಟ್ಟಿಯನ್ನು ಸುರುವಿ ಎಣಿಸಿದರೆ 16 ಮೀನು, ಅಂದರೆ 0.8. ಅವಳು ಕಳೆದ 0.15 ಎಂದರೆ ಮೂರು ಮೀನು. ಬಂಗಡೆಯೂ ಹೌದು, ತಾರ್ಲೆಯೂ ಹೌದು ಎನ್ನುವ ಮೂರು ಮೀನುಗಳನ್ನು ಅವಳು ಕಳೆದಿದ್ದಾಳೆ! ತಪ್ಪು ಗಣಿತದ್ದಲ್ಲ, ‘ಸಂಬಂಧವಿಲ್ಲ’ ಎಂಬ ಮಾತಿನದು ಎಂದು ನನಗೆ ಅನಿಸುತ್ತದೆ. ‘ವರ್ಜಿತ’, ‘ಸ್ವತಂತ್ರ’ ಇವುಗಳಿಗಿಂತ ತಿಳಿಯಾದ ಪದಗಳು ಯಾರಿಗಾದರೂ ಹೊಳೆಯುತ್ತವೆಯೇ?

ಹೊನ್ನಾವರದಿಂದ:

ಅಕ್ಕೋರೇ, ಪದ ಬದಲಿಸುವ ಅಗತ್ಯವೇ ಇಲ್ಲ. ‘ಅಥವಾ’ ಬಂದರೆ ಕೂಡಿಸಬೇಕು, ‘ಮತ್ತು’ ಬಂದರೆ ಗುಣಿಸಬೇಕು. ನಾವು ಹಾಗೆಯೇ ಕಲಿತದ್ದು, ಉತ್ತರವೂ ಸರಿಯಾಗಿ ಬರುತ್ತಿತ್ತು.

ಶಿರಸಿಯಿಂದ:

ಹೊನ್ನಾವರದವರ ಸೂತ್ರ ಈ ಬುಟ್ಟಿಗೆ ಸರಿ, ಮುಂದಿನ ಬುಟ್ಟಿಗೆ ಅಲ್ಲ. ಇಂಥವೇ ಎರಡು ಬುಟ್ಟಿಗಳನ್ನು ಇಟ್ಟುಕೊಳ್ಳಿ. ಒಂದರಿಂದ ನೀವು ಎತ್ತುತ್ತೀರಿ, ಇನ್ನೊಂದರಿಂದ ನಾನು. ನಿಮಗೆ ಬಂಗಡೆ ಅಥವಾ ನನಗೆ ತಾರ್ಲೆ ಸಿಗುವ ಸಂಭವನೀಯತೆ ಎಷ್ಟು? ಇಲ್ಲಿಯೂ ‘ಅಥವಾ’ ಇದೆ, ಆದರೆ ಸುಮ್ಮನೆ ಕೂಡಿಸುವಂತಿಲ್ಲ. ಎರಡೂ ಆಗುವ ಪ್ರಸಂಗ ಉಂಟಲ್ಲ, ಅದನ್ನು ಎರಡು ಸಲ ಎಣಿಸಿದಂತಾಗುತ್ತದೆ. ಆ 0.15ನ್ನು ಕಳೆದರೆ 0.65 ಬರುತ್ತದೆ. ಅಂದರೆ ಹುಡುಗಿಯ ಉತ್ತರ ಸರಿಯೇ, ಆದರೆ ಅದು ಈ ಇನ್ನೊಂದು ಪ್ರಶ್ನೆಗೆ.

ಈಗ ಮೂಲ ಬುಟ್ಟಿಗೆ ಬನ್ನಿ. ಕೈಯಲ್ಲಿರುವುದು ಬಂಗಡೆ ಎಂದು ಯಾರಾದರೂ ಹೇಳಿದ ಕ್ಷಣವೇ ಅದು ತಾರ್ಲೆ ಆಗಿರುವ ಸಂಭವನೀಯತೆ 0.3ರಿಂದ ಸೊನ್ನೆಗೆ ಇಳಿಯುತ್ತದೆ. ಇದಕ್ಕಿಂತ ಗಟ್ಟಿಯಾದ ಸಂಬಂಧ ಬೇಕೇ? ಎರಡಕ್ಕೂ ಸೊನ್ನೆಗಿಂತ ಹೆಚ್ಚಿನ ಸಂಭವನೀಯತೆ ಇದ್ದರೆ, ವರ್ಜಿತ ಘಟನೆಗಳು ಎಂದಿಗೂ ಸ್ವತಂತ್ರವಾಗಲಾರವು. ಎರಡು ಬುಟ್ಟಿಗಳಲ್ಲಾದರೋ ನಿಮಗೆ ಬಂಗಡೆ ಸಿಕ್ಕ ಸುದ್ದಿಯಿಂದ ನನ್ನ 0.3 ಕದಲುವುದಿಲ್ಲ.

ನನ್ನ ಅನುಭವದಲ್ಲಿ ತಪ್ಪಿನ ಬೇರು ಚಿತ್ರದಲ್ಲಿದೆ. ವರ್ಜಿತ ಘಟನೆಗಳನ್ನು ದೂರ ದೂರದ ಎರಡು ವೃತ್ತಗಳಾಗಿ ಬರೆಯುತ್ತೇವೆ. ಮಕ್ಕಳ ಕಣ್ಣಿಗೆ ಅವೇ ‘ಸ್ವತಂತ್ರ’ವಾಗಿ ಕಾಣುತ್ತವೆ. ಸ್ವತಂತ್ರ ಘಟನೆಗಳ ವೃತ್ತಗಳು ಒಂದರ ಮೇಲೊಂದು ಹಾಯಲೇಬೇಕು.

ಪದದ ಮಾತು: ‘ವರ್ಜಿತ’ಕ್ಕೆ ಬದಲು ‘ಕೂಡಿಬರದ ಘಟನೆಗಳು’ ಎನ್ನಬಹುದು. ಆದರೆ ‘ಏಕಕಾಲದಲ್ಲಿ ಆಗದ’ ಎಂದು ಮಾತ್ರ ವಿವರಿಸಬೇಡಿ. ಪ್ರಶ್ನೆ ಗಡಿಯಾರದ್ದಲ್ಲ, ಒಂದೇ ಪ್ರಯೋಗದಲ್ಲಿ ಎರಡೂ ನಿಜವಾಗಬಹುದೇ ಎಂಬುದು. ‘ಸ್ವತಂತ್ರ’ಕ್ಕೆ ‘ಸುಳಿವು ಕೊಡದ ಘಟನೆಗಳು’.

ಕುಮಟಾದಿಂದ:

ಮಾಸ್ತರರೇ, ನಾನು ಗಣಿತದವಳಲ್ಲ. ದಿನವೂ ಶಿರಸಿಯಿಂದ ಘಟ್ಟ ಇಳಿದು ಬರುವ ಬಸ್ಸನ್ನು ಹತ್ತಿ, ಕುಮಟಾದಲ್ಲಿ ಇನ್ನೊಂದನ್ನು ಹಿಡಿಯುತ್ತೇನೆ. ಎರಡೂ ಬೇರೆ ಬಸ್ಸು, ಬೇರೆ ದಾರಿ, ಆದ್ದರಿಂದ ಇವು ಸ್ವತಂತ್ರವೇ ಅಲ್ಲವೇ? ಮಳೆಗಾಲದ 30 ದಿನ ಬರೆದಿಟ್ಟಿದ್ದೆ. ಮೊದಲ ಬಸ್ಸು ತಡವಾದದ್ದು 12 ದಿನ, ಎರಡನೆಯದು 10 ದಿನ, ಎರಡೂ ತಡವಾದದ್ದು 9 ದಿನ.

ಶಿರಸಿಯಿಂದ:

ನಿಮ್ಮ ಪುಸ್ತಕ ಈ ಚರ್ಚೆಗೆ ಬೇಕಾಗಿತ್ತು, ತಂಗೀ. ಸ್ವತಂತ್ರವಾಗಿದ್ದರೆ 30ರಲ್ಲಿ ಸುಮಾರು 4 ದಿನ ಮಾತ್ರ ಎರಡೂ ತಡವಾಗಬೇಕಿತ್ತು: 12ನ್ನು 10ರಿಂದ ಗುಣಿಸಿ 30ರಿಂದ ಭಾಗಿಸಿ. ನಿಮ್ಮಲ್ಲಿ 9 ಇದೆ. ಬಸ್ಸು ಬೇರೆಯಾದರೂ ಮಳೆ ಒಂದೇ. 30 ದಿನಗಳ ಲೆಕ್ಕ ಚಿಕ್ಕದು ನಿಜ, ಆದರೂ 4ಕ್ಕೂ 9ಕ್ಕೂ ಇರುವ ಅಂತರ ಸಣ್ಣದಲ್ಲ. ಹೀಗೆ ಕೂಡಿಬರುವ, ಆದರೆ ಸ್ವತಂತ್ರವಲ್ಲದ ಜೋಡಿಗಳೇ ಲೋಕದಲ್ಲಿ ಹೆಚ್ಚು.

ಹೊನ್ನಾವರದಿಂದ:

ನನ್ನ ಸೂತ್ರವನ್ನು ತಿದ್ದಿಕೊಂಡೆ. ಆದರೆ ‘ಸುಳಿವು ಕೊಡದ’ ಎಂಬುದನ್ನು ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗುತ್ತದೆಯೇ? ಪತ್ತೇದಾರಿ ಕಥೆಯ ಮಾತಿನಂತೆ ಕೇಳಿಸುತ್ತದೆ.

ಕಾರವಾರದಿಂದ:

ಪರೀಕ್ಷೆಗೆ ಹಳೆಯ ಪದಗಳೇ ಇರಲಿ, ವಿವರಣೆಯಲ್ಲಿ ‘ಕೂಡಿಬರದ’, ‘ಸುಳಿವು ಕೊಡದ’ ಎರಡನ್ನೂ ಬಳಸುತ್ತೇನೆ. ‘ಸಂಬಂಧವಿಲ್ಲ’ ಎಂಬ ಮಾತನ್ನು ಇಡೀ ಟಿಪ್ಪಣಿಯಿಂದ ಅಳಿಸಿದ್ದೇನೆ. ಒಂದು ತೊಡಕು ಉಳಿದಿದೆ. ಕನ್ನಡದಲ್ಲಿ ‘ಸ್ವತಂತ್ರ’ ಎಂಬುದು ಒಬ್ಬರ ಗುಣ. ಇಲ್ಲಿ ಅದು ಜೋಡಿಯ ಗುಣ. ‘ಪರಸ್ಪರ ಸ್ವತಂತ್ರ’ ಎಂದು ಬರೆಯೋಣವೆಂದರೆ ‘ಪರಸ್ಪರ ವರ್ಜಿತ’ದ ಪಕ್ಕದಲ್ಲಿ ಅದು ಅವಳಿಯಂತೆ ಕಾಣುತ್ತದೆ, ಗೊಂದಲ ಮತ್ತೆ ಅಲ್ಲಿಂದಲೇ ಶುರುವಾಗುತ್ತದೆ. ಇದಕ್ಕೆ ನಿಮ್ಮಲ್ಲಿ ಯಾರಾದರೂ ದಾರಿ ಕಂಡಿದ್ದರೆ ತಿಳಿಸಿ.