ಸಹಾಯ ಬೇಕು: ನಾರ್ಟನ್ ಲೆಕ್ಕ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು

ಎಲ್ಲರಿಗೂ ನಮಸ್ಕಾರ. 3 ವೋಲ್ಟ್ ಸಪ್ಲೈಗೆ ಎರಡು 100 ಓಮ್ ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಹಾಕಿದ್ದೇನೆ. ಎರಡನೆಯದರ ತುದಿಗಳೇ ನನ್ನ ಔಟ್‌ಪುಟ್.

ಲೋಡ್ ಇಲ್ಲದೆ ಅಳೆದರೆ 1.5 ವೋಲ್ಟ್ ಬಂತು. ಔಟ್‌ಪುಟ್‌ಗೆ ನೇರವಾಗಿ ಆಮ್ಮೀಟರ್ ಹಾಕಿದರೆ ಶಾರ್ಟ್ ಕರೆಂಟ್ 27.3 ಮಿಲಿಆಂಪ್. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ನಾರ್ಟನ್ ರೆಸಿಸ್ಟೆನ್ಸ್ 55 ಓಮ್. ಇದನ್ನು I_L = I_N × R_N / (R_N + R_L) ಸೂತ್ರಕ್ಕೆ ಹಾಕಿ, 100 ಓಮ್ ಲೋಡ್‌ಗೆ 9.7 ಮಿಲಿಆಂಪ್ ಅಂತ ಲೆಕ್ಕ ಹಾಕಿದೆ.

ಲೋಡ್ ಜೊತೆ ಸರಣಿಯಲ್ಲಿ ಅದೇ ಆಮ್ಮೀಟರ್ ಇಟ್ಟರೆ ಸರಿಯಾಗಿ 9.7 ತೋರಿಸುತ್ತದೆ. ಆದರೆ ಅದನ್ನು ತೆಗೆದು ಲೋಡ್ ಮೇಲಿನ ವೋಲ್ಟೇಜ್ ಅಳೆದರೆ 1.0 ವೋಲ್ಟ್, ಅಂದರೆ 10 ಮಿಲಿಆಂಪ್!

ರೆಸಿಸ್ಟರ್‌ಗಳನ್ನು ಬಿಚ್ಚಿ ಅಳೆದೆ, ಮೂರೂ ಸರಿಯಾಗಿವೆ. ಸಪ್ಲೈ ತೆಗೆದು ಆ ಜಾಗಕ್ಕೆ ತಂತಿ ಹಾಕಿ ಔಟ್‌ಪುಟ್ ಕಡೆಯಿಂದ ಅಳೆದರೆ 50 ಓಮ್ ಬರುತ್ತದೆ, 55 ಅಲ್ಲ. ಶಾರ್ಟ್ ಮಾಡಿದಾಗಲೂ ಸಪ್ಲೈ 3 ವೋಲ್ಟ್‌ನಲ್ಲೇ ನಿಲ್ಲುತ್ತದೆ.

ಆ ಜಾಸ್ತಿ 5 ಓಮ್ ಆಮ್ಮೀಟರ್‌ನ ಒಳಗಿನದ್ದು ಅಂತ ನನ್ನ ಅನುಮಾನ. ಹಾಗಿದ್ದರೆ ಅದು ಎರಡೂ ಅಳತೆಯಲ್ಲಿ ಸೇರಿಕೊಂಡು, ಸುಮ್ನೆ ಲೆಕ್ಕ ಹೊಂದಿದ ಹಾಗೆ ಕಾಣಿಸುತ್ತಿದೆ ಅಲ್ವಾ?

ನನ್ನ ಪ್ರಶ್ನೆ ಇಷ್ಟೇ: 55ರಿಂದ 5 ಕಳೆದು, ಶಾರ್ಟ್ ಕರೆಂಟನ್ನು 1.5 / 50 = 30 ಮಿಲಿಆಂಪ್ ಅಂತ ತಿದ್ದಿಕೊಳ್ಳುವುದು ಸರಿಯೇ? ಮೀಟರ್‌ನ ರೆಸಿಸ್ಟೆನ್ಸ್ ಗೊತ್ತಿಲ್ಲದಿದ್ದರೆ ಶಾರ್ಟ್ ಕರೆಂಟನ್ನು ಹೇಗೆ ನಂಬುವುದು?